ಪಾಲಿಹೌಸ್‌ಗೆ ಯಾವ ಶೀಟ್, ಯಾವ ನೆಟ್: ಅಕ್ಕಪಕ್ಕ ಹಾಕಿ ನೋಡಿದ ಹೋಲಿಕೆ

ದೊಣ್ಣೆ ಮೆಣಸಿನಕಾಯಿ ಬೆಳೆಗೆ ಎರಡು ಜೋಡಿಗಳನ್ನು ಹೋಲಿಸಿ ನೋಡಿದೆವು. ಒಂದರಲ್ಲಿ ಪಾರದರ್ಶಕ ಶೀಟ್, ಅದರಡಿ ಕಾಯಂ ಕಟ್ಟಿದ, 50% ಬೆಳಕು ತಡೆಯುವ ಹಸಿರು ನೆಟ್. ಇನ್ನೊಂದರಲ್ಲಿ ಬೆಳಕನ್ನು ಚದುರಿಸುವ ಹಾಲುಬಣ್ಣದ ಶೀಟ್, ಬೇಕಾದಾಗ ಎಳೆದು ಬೇಡವಾದಾಗ ಸುತ್ತಿಡುವ 35% ಬಿಳಿ ನೆಟ್. ಎರಡೂ ಶೀಟ್ 200 ಮೈಕ್ರಾನ್. ನಮ್ಮ ಮತ ಎರಡನೆಯದಕ್ಕೆ.

ಪಾರದರ್ಶಕ ಶೀಟ್‌ನಡಿ ನೆರಳು ಚೂಪಾಗಿ ಬೀಳುತ್ತದೆ. ತುದಿಯ ಎಲೆಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕು, ಬುಡದ ಎಲೆಗಳಿಗೆ ಕತ್ತಲೆ. ನೇರ ಬಿಸಿಲು ತಾಗಿದ ಕಾಯಿಯ ಹೆಗಲಲ್ಲಿ ಬಿಳಿಚಿದ, ಕಾಗದದಂತೆ ತೆಳುವಾದ ಮಚ್ಚೆ ಬರುತ್ತದೆ. ಅದು ರೋಗವಲ್ಲ, ಬಿಸಿಲ ಸುಡು. ಚದುರಿಸುವ ಶೀಟ್‌ನಡಿ ಕೈ ಹಿಡಿದರೆ ನೆರಳಿನ ಅಂಚು ಮಸುಕಾಗಿ ಕಾಣುತ್ತದೆ. ಬೆಳಕು ನಾಲ್ಕೂ ಕಡೆಯಿಂದ ಗಿಡದೊಳಕ್ಕೆ ಇಳಿಯುತ್ತದೆ, ಕೆಳಗಿನ ಎಲೆಗಳೂ ಕೆಲಸ ಮಾಡುತ್ತವೆ. ಹಾಲುಬಣ್ಣ ಕಂಡು ಬೆಳಕು ಕಡಿಮೆ ಎಂದು ತಿಳಿಯಬೇಡಿ. ಒಳ್ಳೆಯ ಶೀಟ್‌ನಲ್ಲಿ ಒಟ್ಟು ಬೆಳಕಿನ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ.

ನೆಟ್‌ನಲ್ಲಿ ಎಡವುವುದು ಲೆಕ್ಕದಲ್ಲಿ. ಶೀಟ್ 85% ಬೆಳಕು ಬಿಡುತ್ತದೆ ಎನ್ನಿ. ಧೂಳು ಕೂತು ಅದರಲ್ಲಿ 15% ಹೋದರೆ ಉಳಿಯುವುದು 72%. ಅದರಡಿ 50% ನೆಟ್ ಇದ್ದರೆ ಗಿಡಕ್ಕೆ ಸಿಗುವುದು 36% ಮಾತ್ರ. ಹೊರಗೆ 1 ಲಕ್ಷ ಲಕ್ಸ್ ಇರುವ ಮಧ್ಯಾಹ್ನ ಒಳಗೆ 36,000, ಮೆಣಸಿನಕಾಯಿಗೆ ತೊಂದರೆಯಿಲ್ಲ. ಮೋಡ ಕವಿದು ಹೊರಗೇ 20,000 ಇರುವ ದಿನ ಒಳಗೆ ಬರೀ 7,200. ಇಂಥ ದಿನಗಳು ಸಾಲಾಗಿ ಬಂದರೆ ಗೆಣ್ಣಿನ ಅಂತರ ಉದ್ದವಾಗಿ, ಹೂವು ಉದುರುತ್ತದೆ. ಗೊಬ್ಬರ ಕಡಿಮೆಯಾಯಿತೆಂದು ಸಾರಜನಕ ಕೊಟ್ಟರೆ ಗಿಡ ಇನ್ನಷ್ಟು ಸೊರಗಿ ಉದ್ದ ಬೆಳೆಯುತ್ತದೆ. ಅದೇ ದಿನ ನೆಟ್ ಸುತ್ತಿಟ್ಟರೆ 14,400 ಸಿಗುತ್ತದೆ. ಉರಿಬಿಸಿಲಲ್ಲಿ 35% ನೆಟ್ ಎಳೆದರೆ ಸುಮಾರು 47,000. ಹಾಗಾಗಿ ನೆಟ್‌ನ ಶೇಕಡಾ ಎಷ್ಟು ಎನ್ನುವುದಕ್ಕಿಂತ ಅದನ್ನು ಸರಿಸಲು ಬರುತ್ತದೆಯೇ ಎನ್ನುವುದೇ ದೊಡ್ಡದು.

ಬಣ್ಣದ ಮಾತು: ಹಸಿರು ನೆಟ್ ಗಿಡಕ್ಕೆ ಹೆಚ್ಚು ಬೇಕಾದ ಕೆಂಪು, ನೀಲಿ ಬೆಳಕನ್ನೇ ಹೆಚ್ಚು ತಡೆಯುತ್ತದೆ. ಕಪ್ಪು ನೆಟ್ ಬಿಸಿಲನ್ನು ತಾನೇ ಹೀರಿ ಕಾಯುತ್ತದೆ. ಛಾವಣಿಯಡಿ ಕಟ್ಟಿದರೆ ಆ ಕಾವು ಮನೆಯೊಳಗೇ ಉಳಿಯುತ್ತದೆ. ಬಿಳಿಯದು ಕಡಿಮೆ ಕಾಯುತ್ತದೆ, ಬೆಳಕನ್ನೂ ಚದುರಿಸುತ್ತದೆ. ಯಾವ ಬಣ್ಣವಾದರೂ ಶೀಟ್‌ನ ಹೊರಗೆ, ಸ್ವಲ್ಪ ಅಂತರ ಬಿಟ್ಟು ಕಟ್ಟಿದರೆ ಕಾವು ಒಳಬರುವ ಮೊದಲೇ ತಡೆಯುತ್ತದೆ. ಆದರೆ ಗಾಳಿ ಜೋರಾಗಿರುವ ಕಡೆ ಹೊರಗಿನ ನೆಟ್ ಬೇಗ ಹರಿಯುತ್ತದೆ. ಅಲ್ಲಿ ಒಳಗೇ ಕಟ್ಟಿ, ಮೇಲಿನ ಗಾಳಿಕಿಂಡಿಗೆ ಮಾತ್ರ ಅಡ್ಡ ಬಾರದಂತೆ ನೋಡಿಕೊಳ್ಳಿ.

ಇನ್ನು ಬಾಳಿಕೆ. ಯುವಿ ನಿರೋಧಕ ಬೆರೆಸಿದ 200 ಮೈಕ್ರಾನ್ ಶೀಟ್ ಸಾಮಾನ್ಯವಾಗಿ 3 ವರ್ಷ ಬರುತ್ತದೆ. ಕೊಳ್ಳುವಾಗ ಒಂದು ಚದರ ಮೀಟರ್ ತುಂಡು ತೂಗಿ: 200 ಮೈಕ್ರಾನ್ ಆದರೆ ಸುಮಾರು 184 ಗ್ರಾಂ ಇರಬೇಕು. 140ರ ಹತ್ತಿರ ಬಂದರೆ ಅದು 150 ಮೈಕ್ರಾನ್‌ನ ಶೀಟ್.

ಶೀಟ್ ಮೊದಲು ಸೋಲುವುದು ನಡುವೆ ಅಲ್ಲ, ಪೈಪಿಗೆ ತಾಗುವ ಗೆರೆಯಲ್ಲಿ. ಬಿಸಿಲಿಗೆ ಕಾದ ಪೈಪ್ ಅದನ್ನು ದಿನವೂ ಬೇಯಿಸುತ್ತದೆ. ಆ ಗೆರೆ ಬಿಳಿಚಿ ಗಡುಸಾಗಿ, ಉಗುರಲ್ಲಿ ಮಡಚಿದರೆ ಚಟ್ಟನೆ ಸೀಳಿದರೆ ಬದಲಿಸುವ ಕಾಲ ಬಂತೆಂದೇ ಅರ್ಥ. ಶೀಟ್ ಹೊದಿಸುವ ಮೊದಲು ಪೈಪ್‌ನ ಮೇಲ್ಮೈಗೆ ನೀರಲ್ಲಿ ಕಲಸುವ ಬಿಳಿ ಬಣ್ಣ ಬಳಿದು ಪೂರ್ತಿ ಒಣಗಿಸಿ. ಥಿನ್ನರ್ ಬೆರೆಸಿದ ಬಣ್ಣ ಬೇಡ, ಅದು ಶೀಟನ್ನೇ ಕೆಡಿಸುತ್ತದೆ. ಬೂದಿ ರೋಗಕ್ಕೆ ಗಂಧಕ ಸಿಂಪಡಿಸುವವರು, ಹೊಗೆ ಹಾಕುವವರು ಗಂಧಕ ತಡೆಯುವ ಶೀಟನ್ನೇ ಕೇಳಿ ತೆಗೆದುಕೊಳ್ಳಿ. ಗಂಧಕ, ಕ್ಲೋರಿನ್ ಎರಡೂ ಶೀಟ್‌ನಲ್ಲಿರುವ ಯುವಿ ನಿರೋಧಕವನ್ನು ನಿಷ್ಕ್ರಿಯಗೊಳಿಸುತ್ತವೆ. ಪಿವಿಸಿ ಪೈಪಿಗೆ ಶೀಟ್ ತಾಗಬಾರದು ಎನ್ನುವುದೂ ಅದಕ್ಕೇ.

ಹೊದಿಸಲು ಗಾಳಿಯಿಲ್ಲದ, ಹದವಾಗಿ ಬೆಚ್ಚಗಿರುವ ಬೆಳಗಿನ ಹೊತ್ತು ಸರಿ. ಚಳಿಯಲ್ಲಿ ಎಳೆದು ಬಿಗಿದದ್ದು ಬಿಸಿಲಿಗೆ ಸಡಿಲವಾಗಿ, ಗಾಳಿಗೆ ಪಟಪಟನೆ ಬಡಿದುಕೊಂಡು, ಶೀಟನ್ನು ಹಿಡಿದಿಡುವ ಜಿಗ್‌ಜಾಗ್ ಸ್ಪ್ರಿಂಗ್ ಹತ್ತಿರ ಹರಿಯುತ್ತದೆ. ಹನಿ ತಡೆಯುವ ಪದರವಿರುವ ಶೀಟಾದರೆ ಆ ಮಗ್ಗುಲು ಒಳಗೇ ಇರಬೇಕು. ತಿರುಗಾಮುರುಗಾ ಹಾಕಿದರೆ ಬೆಳಗ್ಗೆ ಗಿಡದ ಮೇಲೆ ಹನಿ ತೊಟ್ಟಿಕ್ಕಿ ರೋಗ ತರುತ್ತದೆ.

ನೆಟ್‌ನಲ್ಲಿ ಚಪ್ಪಟೆ ಪಟ್ಟಿಯ ನೇಯ್ಗೆಗಿಂತ ದುಂಡು ಎಳೆಯದು ಹೆಚ್ಚು ಬಾಳುತ್ತದೆ, ಗಾಳಿಗೆ ಬೇಗ ಸಿಕ್ಕುಗಟ್ಟಿ ಬಿಚ್ಚಿಕೊಳ್ಳುವುದಿಲ್ಲ. ಕೊಂಡ ಮೇಲೆ ಮಧ್ಯಾಹ್ನ ಲಕ್ಸ್ ಮೀಟರ್ ಹಿಡಿದು ನೆಟ್‌ನ ಮೇಲೆ, ಕೆಳಗೆ ಅಳೆದು ನೋಡಿ. ಮೇಲೆ 80,000 ಇದ್ದಾಗ 35% ನೆಟ್‌ನಡಿ 52,000ದ ಆಸುಪಾಸು ಬರಬೇಕು. 40,000 ತೋರಿಸಿದರೆ ಕೈಗೆ ಬಂದಿರುವುದು 50% ನೆಟ್, ಕಟ್ಟುವ ಮೊದಲೇ ಹಿಂದಿರುಗಿಸಿ.