ಬೀದರ್‌ನ ಫ್ರೀಲಾನ್ಸ್ ಕಲಾವಿದೆಯ ಹತ್ತಿರ ಸ್ಪ್ರೈಟ್ ಮಾಡಿಸಿ ಒಂದೂವರೆ ವರ್ಷ: ನನ್ನ ಮೇಲ್ ಬದಲಾದ ಕತೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಯಾಕಂದ್ರೆ ಇವರು ಫೋನ್ ಎತ್ತೋದಿಲ್ಲ, ಏನಿದ್ದರೂ ಮೇಲ್.

ನಾನು ಕಲಬುರಗಿಯಲ್ಲಿ ಕೂತು ಸಣ್ಣ ಮೊಬೈಲ್ ಗೇಮ್ ಮಾಡುತ್ತೇನೆ. ಅದರ ಪಾತ್ರಗಳ ಚಲಿಸುವ ಚಿತ್ರ, ಅಂದರೆ ಸ್ಪ್ರೈಟ್, ಇವರ ಹತ್ತಿರ ಮಾಡಿಸುತ್ತೇನೆ. ಮೊದಲ ಮೇಲ್‌ನಲ್ಲಿ ನಾನು ಬರೆದಿದ್ದು ಇಷ್ಟೇ: ರೊಟ್ಟಿ ಮಾರುವ ಒಬ್ಬ ಆಯಿ ಬೇಕು, ನಡೀಬೇಕು, ನಾಲ್ಕು ಫ್ರೇಮ್ ಸಾಕು, ಜಾತ್ರೆ ಒಳಗೆ ಕೊಡಿ. ಬಂದಿದ್ದು ಬಲಕ್ಕೆ ನಡೆಯುವ ನಾಲ್ಕೇ ಚಿತ್ರ. ನನಗೆ ಬೇಕಿದ್ದದ್ದು ನಾಲ್ಕು ದಿಕ್ಕು, ದಿಕ್ಕಿಗೆ ನಾಲ್ಕು. "ನಾಲ್ಕು ಅಂದ್ರಿ, ನಾಲ್ಕು ಕೊಟ್ಟೀನ್ರಿ" ಅಂದರು. ಸರಿಯಾಗೇ ಅಂದರು.

ಎಡದಿಕ್ಕಿಗೆ ಬಲದ ಚಿತ್ರವನ್ನೇ ತಿರುಗಿಸಿಕೊಂಡರಾಯ್ತು ಅಂತ ಸುಮ್ನೆ ಹಾಗೇ ಮಾಡಿದೆ. ಆಯಿಯ ಎಡ ಸೊಂಟದ ಮೇಲಿದ್ದ ಬುಟ್ಟಿ, ಆಕೆ ತಿರುಗಿದ ಕೂಡಲೇ ಬಲ ಸೊಂಟಕ್ಕೆ ಹಾರಿತು! ಒಂದೇ ಕೈಯಲ್ಲಿ ಏನಾದರೂ ಹಿಡಿದ ಪಾತ್ರಕ್ಕೆಲ್ಲ ಇದೇ ಗತಿ. ಹಾಗಾಗಿ ಈಗ ಮೇಲ್‌ನಲ್ಲಿ ಲೆಕ್ಕ ಬಿಡಿಸಿ ಬರೆಯುತ್ತೇನೆ: ಅಳತೆ 32×32 ಪಿಕ್ಸೆಲ್, ನಾಲ್ಕೂ ದಿಕ್ಕು ಬೇರೆ ಬೇರೆ, ಪ್ರತಿ ದಿಕ್ಕಿಗೆ ನಿಂತಿದ್ದಕ್ಕೆ 2, ನಡೆದಿದ್ದಕ್ಕೆ 4, ಒಟ್ಟು 24. ರೊಟ್ಟಿ ಬಡಿಯೋದು ಒಂದೇ ದಿಕ್ಕಿನಲ್ಲಿ, 6. ಸೇರಿ 30 ಫ್ರೇಮ್. ಹಿನ್ನೆಲೆ ಇಲ್ಲದ `.png` ಹಾಳೆ, ಜೊತೆಗೆ ತಿದ್ದಲು ಬರುವ `.aseprite` ಫೈಲ್.

ತಿದ್ದುಪಡಿಯಲ್ಲೂ ತಪ್ಪು ನನ್ನದೇ. ಎಲ್ಲ ಫ್ರೇಮ್ ಮುಗಿದ ಮೇಲೆ ಸೆರಗಿನ ಬಣ್ಣ ಬದಲಿಸಿ, ಚಿತ್ರದ ಸುತ್ತಲಿನ ಗೆರೆ ದಪ್ಪ ಮಾಡಿ ಅಂದೆ. ಗೆರೆ ಅಂದರೆ ಮೂವತ್ತೂ ಚಿತ್ರ ಮತ್ತೆ ಕೈಯಲ್ಲಿ ತಿದ್ದಬೇಕು, ಅಲ್ವಾ? ಈಗ ಮೊದಲು ನಿಂತ ಚಿತ್ರ ಒಂದೇ ಬರುತ್ತದೆ. ಅದಕ್ಕೆ ಎರಡು ಸುತ್ತು ತಿದ್ದುಪಡಿ. ನಾನು ಒಪ್ಪಿದ ಮೇಲೇ ನಡಿಗೆ ಶುರು, ಅದಕ್ಕೆ ಒಂದು ಸುತ್ತು. ಸುತ್ತು ಅಂದರೆ ಎಲ್ಲ ತಕರಾರನ್ನೂ ಒಟ್ಟಿಗೆ ಹೇಳುವ ಒಂದು ಮೇಲ್, ದಿನಕ್ಕೊಂದು ಮೆಸೇಜ್ ಅಲ್ಲ. ಅದಕ್ಕಿಂತ ಜಾಸ್ತಿಯಾದರೆ ಫ್ರೇಮ್ ಲೆಕ್ಕದಲ್ಲಿ ದುಡ್ಡು.

"ಜಾತ್ರೆ ಒಳಗೆ" ಅನ್ನೋದನ್ನೂ ಬಿಟ್ಟೆ. ಶರಣಬಸವೇಶ್ವರರ ಜಾತ್ರೆ ನಮ್ಮ ಮನೆ ಲೆಕ್ಕದಲ್ಲಿ ತೇರಿನ ದಿನ, ಅವರಿಗೆ ಅಂಗಡಿಗಳೆಲ್ಲ ಎದ್ದುಹೋಗುವ ತನಕ. ಈಗ ತಾರೀಖು ಬರೆಯುತ್ತೇನೆ. ನಾನು ಉತ್ತರ ಕೊಡಲು ಮೂರು ದಿನ ದಾಟಿದರೆ ತಾರೀಖೂ ಅಷ್ಟೇ ದಿನ ಮುಂದಕ್ಕೆ.

ಫ್ರೇಮಿಗೆ 200 ರೂಪಾಯಿ, ಒಟ್ಟು 6,000. ಮುಂಗಡ 1,800, ನಿಂತ ಚಿತ್ರ ಒಪ್ಪಿದಾಗ 2,400, ಫೈಲ್ ಕೈಗೆ ಬಂದಾಗ 1,800. ಹಕ್ಕಿನ ವಿಷಯ ತಡವಾಗಿ ಗೊತ್ತಾಯಿತು: ದುಡ್ಡು ಕೊಟ್ಟ ಮಾತ್ರಕ್ಕೆ ಇಂಥ ಚಿತ್ರದ ಹಕ್ಕು ನಮ್ಮದೇ ಅಂತ ನಂಬಿ ಕೂರೋ ಹಾಗಿಲ್ಲ. ಅವರು ಸಹಿ ಹಾಕಿದ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಪ್ರಕಾರ 5 ವರ್ಷ ಮಾತ್ರ, ಜಾಗ ಬರೆಯದಿದ್ದರೆ ಭಾರತ ಮಾತ್ರ. ಗೇಮ್ ಹೊರದೇಶದಲ್ಲೂ ಡೌನ್‌ಲೋಡ್ ಆಗುತ್ತದಲ್ಲ! ಈಗ ಎರಡನ್ನೂ ಬರೆದ ಒಂದು ಹಾಳೆಗೆ ಕೊನೆಯ ಕಂತಿನ ದಿನ ಸಹಿ ಆಗುತ್ತದೆ.

ಹೋದ ತಿಂಗಳು ಗೋಲಿ ಆಡುವ ಹುಡುಗನ ಪಾತ್ರಕ್ಕೆ ಅವರಿಗೆ ಇದೇ ಮೇಲ್ ಕಳಿಸಿದೆ, 24 ಫ್ರೇಮ್ ಅಂತ. ಉತ್ತರ ಬಂತು: "ಇವನ ಕೈ ಖಾಲಿ ಅದರಿ, ತಿರುಗಿಸಿದ್ರ ನಡೀತದ. 18 ಸಾಕ್ರಿ."