3,900 ರೂಪಾಯಿ ನಷ್ಟ ಮಧ್ಯಾಹ್ನಕ್ಕೆ 36,400 ಆಗುವ ಬಗೆ

ಆಪ್ಷನ್‌ನಲ್ಲಿ ದುಡ್ಡು ಹೋದ ದಿನದ ಕಾಂಟ್ರಾಕ್ಟ್ ನೋಟ್ ತೆರೆದರೆ ಎಲ್ಲರ ಕಣ್ಣು ನಷ್ಟದ ಅಂಕಿಯ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಸಮಯದ ಕಾಲಮ್. ಒಂದು ಟ್ರೇಡ್‌ನಿಂದ ಹೊರಬಂದದ್ದಕ್ಕೂ ಇನ್ನೊಂದಕ್ಕೆ ನುಗ್ಗಿದ್ದಕ್ಕೂ ನಡುವೆ ಎಷ್ಟು ನಿಮಿಷ? ಹೋದದ್ದನ್ನು ಕೂಡಲೇ ಮರಳಿ ಗಳಿಸುವ ಹಟದ, ಅಂದರೆ ಸೇಡಿನ ಟ್ರೇಡ್‌ನ ಗುರುತು ಅಲ್ಲಿ ಸಿಗುತ್ತದೆ.

ನಿಫ್ಟಿಯ ವಾರದ ಎಕ್ಸ್‌ಪೈರಿ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ, ಮಂಗಳವಾರ. ಖಾತೆಯಲ್ಲಿ ಒಂದು ಲಕ್ಷ, ಒಂದು ಲಾಟ್‌ಗೆ 65 ಯೂನಿಟ್ ಅಂತ ಹಿಡಿಯೋಣ. 10:12ಕ್ಕೆ ಎರಡು ಲಾಟ್ ಕಾಲ್, ಅಂದರೆ ಸೂಚ್ಯಂಕ ಏರುತ್ತದೆ ಎಂಬ ಪಣ, 90 ರೂಪಾಯಿಗೆ. 10:41ಕ್ಕೆ ಸ್ಟಾಪ್‌ಲಾಸ್ ತಗುಲಿ 60ಕ್ಕೆ ಮಾರಾಟ. 130 ಯೂನಿಟ್‌ಗೆ 30 ರೂಪಾಯಿಯಂತೆ ಹೋದದ್ದು 3,900. ಇಲ್ಲಿ ಯಾವ ತಪ್ಪೂ ಇಲ್ಲ, ಸ್ಟಾಪ್‌ಲಾಸ್ ತನ್ನ ಕೆಲಸ ಮಾಡಿದೆ.

ಮುಂದಿನ ಖರೀದಿ 10:44ಕ್ಕೆ. ಮೂರೇ ನಿಮಿಷ! ಅಷ್ಟರಲ್ಲಿ ಯಾರೂ ಚಾರ್ಟ್ ಓದಿರುವುದಿಲ್ಲ, ಮಾಡಿರುವುದು ಒಂದೇ ಲೆಕ್ಕ: "ಹತ್ತು ಲಾಟ್ ತಗೊಂಡ್ರೆ ಆರು ರೂಪಾಯಿ ಏರಿದ್ರೆ ಸಾಕು, ಅಸಲು ಬರುತ್ತೆ." ಹತ್ತು ಲಾಟ್ ಅಗ್ಗಕ್ಕೆ ಸಿಗುವುದು ದೂರದ ಸ್ಟ್ರೈಕ್‌ನಲ್ಲಿ, ಅಂದರೆ ಸೂಚ್ಯಂಕ ಈಗಿರುವಲ್ಲಿಂದ ದೂರದ ಮಟ್ಟದ ಆಪ್ಷನ್‌ನಲ್ಲಿ ಮಾತ್ರ. 25 ರೂಪಾಯಿಯಂತೆ 650ಕ್ಕೆ 16,250 ಹಾಕಿದ್ದಾಯಿತು. ಸೂಚ್ಯಂಕ ಇಪ್ಪತ್ತು ಪಾಯಿಂಟ್ ಏರಿತು, ಆದರೂ ಆಪ್ಷನ್‌ನ ಬೆಲೆ, ಅಂದರೆ ಪ್ರೀಮಿಯಂ, 11ಕ್ಕೆ ಇಳಿಯಿತು. ಎಕ್ಸ್‌ಪೈರಿ ದಿನ ದೂರದ ಸ್ಟ್ರೈಕ್‌ನ ಪ್ರೀಮಿಯಂನಲ್ಲಿ ಇರುವುದು ಬರೀ ಸಮಯದ ಬೆಲೆ. ಅದು ಗಂಟೆಗಂಟೆಗೂ ಕರಗುತ್ತದೆ, ದಿಕ್ಕು ಸರಿಯಿದ್ದರೂ ಕರಗುತ್ತದೆ. 12:50ಕ್ಕೆ ಮಾರಿದಾಗ ಇನ್ನೂ 9,100 ಹೋಯಿತು.

ಮೂರನೆಯದು 1:05ಕ್ಕೆ, ಈಗ ಪುಟ್, ಅಂದರೆ ಸೂಚ್ಯಂಕ ಇಳಿಯುತ್ತದೆ ಎಂಬ ಪಣ. ಮಾರುಕಟ್ಟೆ ಬಗ್ಗೆ ಅಭಿಪ್ರಾಯ ಬದಲಾಗಿ ಅಲ್ಲ, ಕಾಲ್ ಮೇಲೆ ಸಿಟ್ಟು ಬಂದು. 20ರಂತೆ ಹತ್ತು ಲಾಟ್, ಸ್ಟಾಪ್‌ಲಾಸ್ ಇಲ್ಲ, ಏಕೆಂದರೆ ಬೆಳಗ್ಗೆ ಅದೇ ತಾನೆ "ಹೊಡೆಸಿದ್ದು". 8ಕ್ಕೆ ಇಳಿದಾಗ ಆವರೇಜ್ ಮಾಡಲು ಇನ್ನೂ ಇಪ್ಪತ್ತು ಲಾಟ್. 3:30ಕ್ಕೆ ಸೊನ್ನೆ. 13,000ಕ್ಕೆ 10,400 ಸೇರಿ 23,400 ಕೈಬಿಟ್ಟಿತು.

ಬ್ರೋಕರೇಜ್, ತೆರಿಗೆ ಬಿಟ್ಟು ದಿನದ ಮೊತ್ತ 36,400. ಮೊದಲ ನಷ್ಟವನ್ನು ತುಂಬಲು ಉಳಿದ ಬಂಡವಾಳದ ಮೇಲೆ ಶೇ. 4 ಸಾಕಿತ್ತು. ಈಗ ಉಳಿದ 63,600ರ ಮೇಲೆ ಶೇ. 57 ಗಳಿಸಬೇಕು.

ಕಳೆದುಕೊಂಡಲ್ಲೇ ಹುಡುಕಬೇಕು ಅನ್ನುವ ಮಾತು ಉಂಗುರಕ್ಕೆ ಸರಿ. ಟ್ರೇಡಿಂಗ್‌ನಲ್ಲಿ ಅದೇ ಬಲೆ: "ಇವತ್ತೇ ಅಸಲು ಬರಬೇಕು" ಎಂಬ ಹಟ ಬಂದೊಡನೆ, ಬೇರೆ ದಿನ ಮುಟ್ಟದ ಅಪಾಯವೂ ಸರಿ ಎನಿಸುತ್ತದೆ. ಹೊಸಬರಿಗಷ್ಟೇ ಬರುವ ರೋಗವೂ ಅಲ್ಲ ಇದು. ಶಿಕಾಗೋ ಬೋರ್ಡ್ ಆಫ್ ಟ್ರೇಡ್‌ನ ವೃತ್ತಿಪರ ಟ್ರೇಡರ್‌ಗಳ ದಾಖಲೆಗಳನ್ನು ಕೋವಲ್ ಮತ್ತು ಶಮ್ವೇ ಎಂಬ ಸಂಶೋಧಕರು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಬೆಳಗ್ಗೆ ಸೋತವರು ಮಧ್ಯಾಹ್ನ ಮಾಮೂಲಿಗಿಂತ ಹೆಚ್ಚು ಅಪಾಯ ತೆಗೆದುಕೊಳ್ಳುವ ಒಲವು ಅಲ್ಲೂ ಕಂಡಿತ್ತು.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅನ್ನುವ ಉಪದೇಶ ಕೆಲಸಕ್ಕೆ ಬಾರದು. 10:41ಕ್ಕೆ ಆ ಮನಸ್ಸು ಇರುವುದೇ ಇಲ್ಲ. ನಿಯಮ 9:15ಕ್ಕೆ ಮುಂಚೆ ಆಗಿರಬೇಕು, ಮುರಿಯಲು ಕಷ್ಟವಾಗಿರಬೇಕು. ದಿನದ ನಷ್ಟದ ಮಿತಿ ಬಂಡವಾಳದ ಶೇ. 4 ಅಂತ ಇಟ್ಟುಕೊಂಡರೆ ಮೇಲಿನ ದಿನ ಮೊದಲ ಟ್ರೇಡ್‌ಗೇ ಬಹುತೇಕ ಮುಗಿಯುತ್ತಿತ್ತು. ಮಿತಿ ಮುಟ್ಟಿದೊಡನೆ ಬ್ರೋಕರ್ ಆ್ಯಪ್‌ನ ಕಿಲ್ ಸ್ವಿಚ್ ಒತ್ತಿ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗವನ್ನು ಮುಚ್ಚಿಬಿಡಿ. ಎಷ್ಟು ಹೊತ್ತು ಮುಚ್ಚಿರುತ್ತದೆ ಅನ್ನುವುದು ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆ, ಮುಂಚೆಯೇ ನೋಡಿಕೊಳ್ಳಿ. ತೆರೆದ ಪೊಸಿಷನ್ ಇದ್ದರೆ ಸಾಮಾನ್ಯವಾಗಿ ಅದನ್ನು ಮೊದಲು ಮುಗಿಸಬೇಕಾಗುತ್ತದೆ.

ಮಿತಿ ಇನ್ನೂ ಮುಟ್ಟಿಲ್ಲ ಎಂದಾದರೆ ಅರ್ಧ ಗಂಟೆ ಬಿಡುವು, ಮತ್ತು ಸೋತ ಮೇಲೆ ಲಾಟ್ ಹೆಚ್ಚಿಸುವಂತಿಲ್ಲ. ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಈ ಲಾಟ್ ನಿಯಮವನ್ನೇ ಆರಿಸುತ್ತೇನೆ. ಎರಡೇ ಲಾಟ್‌ನಲ್ಲಿ ಉಳಿದಿದ್ದರೆ ಎರಡನೇ ಟ್ರೇಡ್‌ನ ನಷ್ಟ 9,100 ಅಲ್ಲ, 1,820. ಅದಕ್ಕಿಂತ ಮುಖ್ಯವಾಗಿ, ಎರಡು ಲಾಟ್‌ನಲ್ಲಿ ಅಸಲು ಬೇಗ ಬರುವುದಿಲ್ಲ ಎಂದು ಗೊತ್ತಾದರೆ ಆ ಟ್ರೇಡ್‌ನ ಆಸೆಯೇ ಅರ್ಧ ಬತ್ತುತ್ತದೆ.

ಇವೆಲ್ಲಕ್ಕೂ ಒಂದು ಕಳ್ಳದಾರಿ ಇದೆ. ಯುಪಿಐನಿಂದ ಖಾತೆಗೆ ದುಡ್ಡು ಹಾಕಲು ಅರ್ಧ ನಿಮಿಷ ಸಾಕು. ಕಿಲ್ ಸ್ವಿಚ್ ಒತ್ತಿದ ಬ್ರೋಕರ್ ಬಿಟ್ಟು ಇನ್ನೊಂದು ಆ್ಯಪ್ ತೆರೆಯಲು ಅಷ್ಟೂ ಬೇಡ. ಆದ್ದರಿಂದ ಟ್ರೇಡಿಂಗ್‌ಗೆ ಬೇರೆಯದೇ ಬ್ಯಾಂಕ್ ಖಾತೆ ಇರಲಿ, ಆ ತಿಂಗಳು ಟ್ರೇಡಿಂಗ್‌ಗೆಂದು ಎತ್ತಿಟ್ಟ ಮೊತ್ತಕ್ಕಿಂತ ಹೆಚ್ಚು ಅದರಲ್ಲಿ ಇರದಿರಲಿ. ಎರಡನೇ ಬ್ರೋಕರ್ ಖಾತೆಯಲ್ಲಿ ಎಫ್ ಅಂಡ್ ಓ ವಿಭಾಗ ಚಾಲೂ ಇದ್ದರೆ ಅದನ್ನು ಮುಚ್ಚಿಸಲು ಇವತ್ತೇ ಅರ್ಜಿ ಹಾಕಿ.