ರಿಪ್ ಮತ್ತು ಓಎಸ್‌ಪಿಎಫ್: ಒಂದೇ ಲಿಂಕ್ ಕಡಿದಾಗ ಕಂಡ ಎರಡು ನಡವಳಿಕೆ

ಒಂದು ರೌಟರ್ ತನ್ನ ಪಕ್ಕದ ರೌಟರ್‌ಗೆ ಏನನ್ನು ಹೇಳುತ್ತದೆ ಎಂಬುದನ್ನು ಗಮನಿಸಿದರೆ ಡಿಸ್ಟೆನ್ಸ್ ವೆಕ್ಟರ್ ಮತ್ತು ಲಿಂಕ್ ಸ್ಟೇಟ್ ವಿಧಾನಗಳ ವ್ಯತ್ಯಾಸ ಬಹುಪಾಲು ತಿಳಿದುಬಿಡುತ್ತದೆ. ಡಿಸ್ಟೆನ್ಸ್ ವೆಕ್ಟರ್ ರೌಟರ್ ‘ಆ ಜಾಲ ನನ್ನಿಂದ ಇಷ್ಟು ದೂರ’ ಎಂದಷ್ಟೇ ಹೇಳುತ್ತದೆ; ಯಾವ ದಾರಿಯಲ್ಲಿ, ಯಾರ ಮಾತು ನಂಬಿ ಆ ಲೆಕ್ಕ ಹಾಕಿತು ಎಂಬುದನ್ನು ಹೇಳುವುದಿಲ್ಲ. ಲಿಂಕ್ ಸ್ಟೇಟ್ ರೌಟರ್ ದೂರದ ಮಾತನ್ನೇ ಎತ್ತುವುದಿಲ್ಲ. ‘ನನಗೆ ಇಂತಿಂಥ ರೌಟರ್‌ಗಳ ಜೊತೆ ನೇರ ಲಿಂಕ್ ಇದೆ’ ಎಂದು ತಾನು ಕಂಡದ್ದನ್ನು ಹೇಳುತ್ತದೆ, ಆ ಹೇಳಿಕೆ ಒಂದಕ್ಷರ ಬದಲಾಗದೆ ಜಾಲದ ಎಲ್ಲ ರೌಟರ್‌ಗಳಿಗೂ ತಲುಪುತ್ತದೆ, ದಾರಿಯ ಲೆಕ್ಕವನ್ನು ಪ್ರತಿಯೊಂದು ರೌಟರ್ ತಾನೇ ಹಾಕಿಕೊಳ್ಳುತ್ತದೆ. ಮೊದಲನೆಯದಕ್ಕೆ ರಿಪ್, ಎರಡನೆಯದಕ್ಕೆ ಓಎಸ್‌ಪಿಎಫ್ ಪ್ರಸಿದ್ಧ ಉದಾಹರಣೆಗಳು. ಒಂದೇ ಜಾಲದಲ್ಲಿ ಎರಡನ್ನೂ ಒಂದರ ನಂತರ ಒಂದರಂತೆ ಓಡಿಸಿ, ಒಂದೇ ಲಿಂಕನ್ನು ಕಡಿದು ನೋಡಿದಾಗ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಯೋಗಕ್ಕೆ ಬೇಕಾದದ್ದು ಒಂದು ಲಿನಕ್ಸ್ ಯಂತ್ರ ಮಾತ್ರ. ಅದರೊಳಗೆ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳನ್ನು ಮಾಡಿ, ಪ್ರತಿಯೊಂದರಲ್ಲೂ ಎಫ್‌ಆರ್‌ಆರ್ ರೌಟಿಂಗ್ ತಂತ್ರಾಂಶವನ್ನು ಓಡಿಸಿದೆ. r1, r2, r3 ಎಂಬ ಮೂರು ರೌಟರ್‌ಗಳು ಒಂದೇ ಸಾಲಿನಲ್ಲಿವೆ; r3 ಆಚೆಗೆ 10.0.9.0/24 ಜಾಲವಿದೆ; r1 ಈಚೆಗೆ ಒಂದು ಸಾಮಾನ್ಯ ಕಂಪ್ಯೂಟರ್ ಇದೆ. ಕಡಿಯುವ ಲಿಂಕ್ r2 ಮತ್ತು r3 ನಡುವಿನದು.

ರಿಪ್‌ನಲ್ಲಿ ದೂರವೆಂದರೆ ದಾಟಬೇಕಾದ ಜಾಲಗಳ ಎಣಿಕೆ. ನೇರವಾಗಿ ಅಂಟಿಕೊಂಡ ಜಾಲಕ್ಕೆ r3 ಬಳಿ 1 ಎಂಬ ಮೆಟ್ರಿಕ್ ಇರುತ್ತದೆ, ಅದನ್ನು ಕೇಳಿದ r2 ಒಂದು ಸೇರಿಸಿ 2 ಎಂದು, r1 ಇನ್ನೊಂದು ಸೇರಿಸಿ 3 ಎಂದು ಬರೆದುಕೊಳ್ಳುತ್ತವೆ. ಪ್ರತಿ 30 ಸೆಕೆಂಡಿಗೊಮ್ಮೆ ಪ್ರತಿಯೊಂದು ರೌಟರ್ ತನ್ನ ಪಟ್ಟಿಯನ್ನು ಪಕ್ಕದವರಿಗೆ ಕಳಿಸುತ್ತದೆ. ಎಲ್ಲ ರೌಟರ್‌ಗಳ ಪಟ್ಟಿಗಳೂ ಜಾಲದ ಈಗಿನ ಸ್ಥಿತಿಗೆ ಒಪ್ಪುವಂತಾಗಿ, ಇನ್ನು ಬದಲಾಗಬೇಕಾದ್ದು ಏನೂ ಉಳಿಯದ ಹಂತಕ್ಕೆ ಬರುವುದನ್ನೇ ಕನ್ವರ್ಜೆನ್ಸ್ ಎನ್ನುತ್ತಾರೆ. ಇಷ್ಟು ಸಣ್ಣ ಜಾಲದಲ್ಲಿ ಅದು ಮೊದಲ ಬಾರಿ ಸಲೀಸಾಗಿಯೇ ಆಗುತ್ತದೆ. ತೊಂದರೆ ಇರುವುದು ಕೆಟ್ಟ ಸುದ್ದಿಯ ಹರಡುವಿಕೆಯಲ್ಲಿ.

ಹೊಸಬರಿಗೆ ಹೇಳಿಕೊಡುವ ಕೌಂಟ್ ಟು ಇನ್ಫಿನಿಟಿ ಸಮಸ್ಯೆಯನ್ನು, ಅಂದರೆ ಸತ್ತ ದಾರಿಯ ದೂರವನ್ನು ರೌಟರ್‌ಗಳು ಒಂದರ ಮಾತು ಒಂದು ನಂಬಿ ಏರಿಸುತ್ತಲೇ ಹೋಗುವುದನ್ನು, ಕಣ್ಣಾರೆ ಕಾಣಬೇಕೆಂದು ನಾನು ಮೊದಲು ಸ್ಪ್ಲಿಟ್ ಹೊರೈಝನ್ ಎಂಬ ರಕ್ಷಣೆಯನ್ನು ತೆಗೆದುಹಾಕಿದೆ. ಯಾರಿಂದ ಕಲಿತ ದಾರಿಯೋ ಅವರಿಗೇ ಅದನ್ನು ತಿರುಗಿ ಹೇಳಬಾರದು ಎಂಬುದು ಆ ನಿಯಮ.

```
router rip
 network 10.0.0.0/8
!
interface r1-r2
 no ip rip split-horizon
```

ಇದು r1 ಸಂರಚನೆ; r2 ಒಳಗೂ r2-r1 ಇಂಟರ್‌ಫೇಸ್‌ಗೆ ಇದೇ `no ip rip split-horizon` ಸಾಲನ್ನು ಹಾಕಿದೆ. ಲಿಂಕ್ ಕಡಿದೆ, ಏನೂ ಆಗಲಿಲ್ಲ. ಎರಡನೆಯ ಸಲವೂ, ಮೂರನೆಯ ಸಲವೂ ಆಗಲಿಲ್ಲ. ಕಾರಣ, ಲಿಂಕ್ ಬಿದ್ದ ಕೂಡಲೇ r2 ತನ್ನ 30 ಸೆಕೆಂಡಿನ ಸರದಿಗೆ ಕಾಯದೆ ಮೆಟ್ರಿಕ್ 16 ಎಂದು r1 ರೌಟರ್‌ಗೆ ಸಾರಿಬಿಡುತ್ತದೆ. ಇದಕ್ಕೆ ಟ್ರಿಗರ್ಡ್ ಅಪ್‌ಡೇಟ್ ಎಂದು ಹೆಸರು, ರಿಪ್ ಭಾಷೆಯಲ್ಲಿ 16 ಎಂದರೆ ಅನಂತ, ಅಂದರೆ ‘ದಾರಿ ಇಲ್ಲ’. ಪಠ್ಯದಲ್ಲಿ ಓದುವಾಗ ಈ ಸಮಸ್ಯೆ ಪ್ರತಿ ಸಲವೂ ಆಗುವಂಥದ್ದೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅದು ಒಂದು ಪೈಪೋಟಿ: r2 ಹೇಳುವ ಕೆಟ್ಟ ಸುದ್ದಿ ಮೊದಲು ತಲುಪುತ್ತದೆಯೋ, r1 ಹೇಳುವ ಹಳೆಯ ಸುದ್ದಿ ಮೊದಲು ತಲುಪುತ್ತದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರಿಪ್ ಸಂದೇಶಗಳು ಯುಡಿಪಿ ಮೇಲೆ ಹೋಗುತ್ತವೆ. ಕಳೆದುಹೋದರೆ ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕಳೆದುಹೋಗುವಿಕೆಯನ್ನು ನಾನೇ ಮಾಡಿದೆ. r2 ಒಳಗೆ r1 ಕಡೆಗಿನ ರಿಪ್ ಸಂದೇಶಗಳನ್ನು ತಡೆದು, ಆಮೇಲೆ ಲಿಂಕ್ ಕಡಿದೆ.

```
iptables -A OUTPUT -o r2-r1 -p udp --dport 520 -j DROP
```

ಈಗ r1 ರೌಟರ್‌ಗೆ ಕೆಟ್ಟ ಸುದ್ದಿ ತಲುಪಲಿಲ್ಲ. ಅದರ ಸರದಿ ಬಂದಾಗ ‘10.0.9.0/24 ನನ್ನಿಂದ 3’ ಎಂದು ಎಂದಿನಂತೆ ಸಾರಿತು. ಆ 3 ತನ್ನ ಮೂಲಕವೇ ಹೋಗುವ ದಾರಿ ಎಂದು ತಿಳಿಯಲು r2 ಬಳಿ ಯಾವ ಸುಳಿವೂ ಇಲ್ಲ, ಏಕೆಂದರೆ ಸಂದೇಶದಲ್ಲಿ ದೂರ ಇದೆಯೇ ಹೊರತು ದಾರಿ ಇಲ್ಲ. 16ಕ್ಕಿಂತ 4 ಮೇಲು ಎಂದು ಅದು r1 ಮೂಲಕ 4 ಎಂದು ಬರೆದುಕೊಂಡಿತು. ತಡೆಯನ್ನು ತೆಗೆದೆ. r2 ಹೇಳಿದ 4 ಕೇಳಿ r1 ತನ್ನ ಲೆಕ್ಕವನ್ನು 5 ಮಾಡಿಕೊಂಡಿತು. ಅದನ್ನು ಕೇಳಿ r2 6 ಮಾಡಿಕೊಂಡಿತು. `show ip rip` ಆದೇಶವನ್ನು ಮತ್ತೆ ಮತ್ತೆ ಒತ್ತುತ್ತ ಕೂತರೆ r2 ಪರದೆಯಲ್ಲಿ ಸಮ ಸಂಖ್ಯೆಗಳೂ r1 ಪರದೆಯಲ್ಲಿ ಬೆಸ ಸಂಖ್ಯೆಗಳೂ ಮೇಲೇರುವುದು ಕಾಣುತ್ತದೆ. r1 15 ಎಂದಾಗ r2 16 ಮುಟ್ಟಿ, ದಾರಿ ಇಲ್ಲವೆಂಬ ಸತ್ಯ ಕೊನೆಗೂ ಹೊರಬಿತ್ತು.

ಈ ಏಣಿ ಹತ್ತಲು ಬೇಕಾದ ಸಮಯವನ್ನು ಲೆಕ್ಕ ಹಾಕಬಹುದು. ಒಂದು ಟ್ರಿಗರ್ಡ್ ಅಪ್‌ಡೇಟ್ ಕಳಿಸಿದ ಮೇಲೆ ರೌಟರ್ 1ರಿಂದ 5 ಸೆಕೆಂಡುಗಳ ನಡುವೆ ಎಷ್ಟೋ ಹೊತ್ತು ಸುಮ್ಮನಿರಬೇಕೆಂಬ ನಿಯಮವಿದೆ. 4ರಿಂದ 16ಕ್ಕೆ 12 ಮೆಟ್ಟಿಲು, ಎರಡು ರೌಟರ್‌ಗಳು ಹಂಚಿಕೊಂಡರೆ ತಲಾ 6 ಸುತ್ತು. ಸುತ್ತಿಗೆ ಸರಾಸರಿ 3 ಸೆಕೆಂಡಿನಂತೆ ಸುಮಾರು 18 ಸೆಕೆಂಡು. ನನ್ನ ಗಡಿಯಾರದಲ್ಲೂ ಅದರ ಆಸುಪಾಸೇ ಬಂತು. ಟ್ರಿಗರ್ಡ್ ಅಪ್‌ಡೇಟ್ ಇಲ್ಲದೆ 30 ಸೆಕೆಂಡಿನ ಸರದಿಯನ್ನೇ ನಂಬಿದ್ದರೆ ಇದೇ 6 ಸುತ್ತಿಗೆ 3 ನಿಮಿಷ ಬೇಕಾಗುತ್ತಿತ್ತು. ಅನಂತವನ್ನು 16ರಷ್ಟು ಚಿಕ್ಕದಾಗಿ ಇಟ್ಟಿರುವುದೂ ಈ ಏಣಿಯನ್ನು ಗಿಡ್ಡ ಮಾಡಲಿಕ್ಕೇ. ಅದಕ್ಕೆ ತೆರುವ ಬೆಲೆಯೆಂದರೆ 15ಕ್ಕಿಂತ ದೂರದ ಜಾಲ ರಿಪ್ ಪಾಲಿಗೆ ಇಲ್ಲದಂತೆಯೇ.

ಎಣಿಕೆ ಮೇಲೇರುವಾಗ ಬಳಕೆದಾರರಿಗೆ ಕಾಣುವುದೇ ಬೇರೆ. r1 ಈಚೆಯ ಕಂಪ್ಯೂಟರಿನಿಂದ ಕಳಿಸಿದ ಪ್ಯಾಕೆಟ್ ಅನ್ನು r1 ನಂಬಿಕೆಯಿಂದ r2 ಕೈಗೆ ಕೊಡುತ್ತದೆ, r2 ಅಷ್ಟೇ ನಂಬಿಕೆಯಿಂದ ಹಿಂದಕ್ಕೆ ಕೊಡುತ್ತದೆ, ಟಿಟಿಎಲ್ ಸೊನ್ನೆಯಾಗುವವರೆಗೂ ಅದು ನಡುವೆ ಓಲಾಡುತ್ತದೆ. ಪಿಂಗ್‌ಗೆ `Time to live exceeded` ಎಂಬ ಉತ್ತರ ಬಂದರೆ, ಟ್ರೇಸ್‌ರೂಟ್‌ನಲ್ಲಿ ಎರಡೇ ವಿಳಾಸಗಳು ಸರದಿಯಂತೆ ಮರುಕಳಿಸಿದರೆ, ಅದು ರೌಟಿಂಗ್ ಲೂಪ್ ಎಂದು ತಿಳಿಯಬೇಕು. ಇದನ್ನು ಮಾಡಿ ನೋಡುವವರು `rp_filter` ಅನ್ನು ಎಲ್ಲ ಇಂಟರ್‌ಫೇಸ್‌ಗಳಲ್ಲೂ 0 ಮಾಡಿಕೊಳ್ಳಿ. ನಾನು ಮರೆತಿದ್ದರಿಂದ, ಬರಬಾರದ ಕಡೆಯಿಂದ ಬಂತೆಂದು r1 ಆ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಎಸೆದು ಲೂಪನ್ನೇ ಮರೆಮಾಡಿತ್ತು. ಒಂದು ಸಂಜೆ ಅದಕ್ಕೇ ಹೋಯಿತು.

ಸ್ಪ್ಲಿಟ್ ಹೊರೈಝನ್ ಮರಳಿ ಹಾಕಿದರೆ ಈ ಇಬ್ಬರ ನಡುವಿನ ಆಟ ನಿಲ್ಲುತ್ತದೆ. ಆದರೆ r1 ಮತ್ತು r2 ಎರಡಕ್ಕೂ ತಾಗುವಂತೆ r4 ಎಂಬ ನಾಲ್ಕನೆಯ ರೌಟರ್ ಸೇರಿಸಿ ತ್ರಿಕೋನ ಮಾಡಿ, r2 ಹೇಳುವ ಕೆಟ್ಟ ಸುದ್ದಿ r4 ಒಬ್ಬರಿಗೆ ಮಾತ್ರ ತಪ್ಪುವಂತೆ ತಡೆದೆ. r1 ನಿಯತ್ತಾಗಿ 16 ಎಂದು ಬರೆದುಕೊಂಡಿತು. ಅದನ್ನು r4 ರೌಟರ್‌ಗೂ ಹೇಳಿತು. ಆದರೆ r4 ತನ್ನ ದಾರಿಯನ್ನು ಕಲಿತದ್ದು r2 ಕಡೆಯಿಂದ, ಆದ್ದರಿಂದ r1 ಮಾತು ಅದರ ಲೆಕ್ಕಕ್ಕೆ ಬರಲಿಲ್ಲ. ತನ್ನ ಸರದಿಯಲ್ಲಿ r4 ‘ನನ್ನಿಂದ 3’ ಎಂದು r1 ರೌಟರ್‌ಗೆ ಹೇಳಿತು. r1 4 ಮಾಡಿಕೊಂಡು r2 ರೌಟರ್‌ಗೆ ಹೇಳಿತು, r2 5 ಮಾಡಿಕೊಂಡು, ತಡೆ ತೆಗೆದ ಮೇಲೆ r4 ರೌಟರ್‌ಗೆ ಹೇಳಿತು, r4 6 ಮಾಡಿಕೊಂಡಿತು. ಯಾರೂ ಕಲಿತವರಿಗೇ ತಿರುಗಿ ಹೇಳಿಲ್ಲ, ನಿಯಮ ಮುರಿದಿಲ್ಲ, ಆದರೂ ಸುಳ್ಳು ಸುತ್ತುತ್ತಲೇ ಇದೆ. ಗಾಳಿಸುದ್ದಿ ಊರು ಸುತ್ತಿ, ಅದನ್ನು ಹುಟ್ಟಿಸಿದವನ ಕಿವಿಗೇ ಹೊಸ ಸುದ್ದಿಯಾಗಿ ಬೀಳುವಂತೆ.

ಅದೇ ಜಾಲದಲ್ಲಿ ರಿಪ್ ತೆಗೆದು ಓಎಸ್‌ಪಿಎಫ್ ಹಾಕಿ, ಅದೇ ತುಂಟತನಗಳನ್ನು ಮಾಡಿದೆ. ಲಿಂಕ್ ಕಡಿದಾಗ r2 ತನ್ನ ಹೊಸ ಎಲ್‌ಎಸ್‌ಎ ಹೊರಡಿಸಿತು. ‘ನನ್ನ ಲಿಂಕ್‌ಗಳು ಇವು’ ಎಂಬ ಆ ಹೇಳಿಕೆಯಲ್ಲಿ ಈಗ r3 ಹೆಸರಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ r1 ಪಟ್ಟಿಯಿಂದ 10.0.9.0/24 ಮಾಯವಾಯಿತು. ಕುತೂಹಲದ ಸಂಗತಿಯೆಂದರೆ `show ip ospf database` ನೋಡಿದರೆ r3 ಹಿಂದೆ ಹೇಳಿದ ಎಲ್‌ಎಸ್‌ಎ ಇನ್ನೂ ಅಲ್ಲೇ ಇತ್ತು, ಅದರಲ್ಲಿ ‘ನನಗೆ r2 ಜೊತೆ ಲಿಂಕ್ ಇದೆ’ ಎಂದೂ ಇತ್ತು. ಹೊಸದಾಗಿಸುವವರಿಲ್ಲದಿದ್ದರೆ ಅದು 3600 ಸೆಕೆಂಡಿನವರೆಗೂ ಉಳಿಯಬಹುದು. ಆದರೂ ಮೋಸವಾಗಲಿಲ್ಲ, ಏಕೆಂದರೆ ಡೈಕ್‌ಸ್ಟ್ರಾ ಲೆಕ್ಕ ಹಾಕುವಾಗ ಒಂದು ಲಿಂಕನ್ನು ಎರಡೂ ತುದಿಯವರು ಒಪ್ಪಿದರೆ ಮಾತ್ರ ಬಳಸಲಾಗುತ್ತದೆ.

ಆಮೇಲೆ ಮೂರು ರೌಟರ್‌ಗಳ ಸಾಲಿನಲ್ಲಿ r2 ಕಡೆಯಿಂದ r1 ಕಡೆಗಿನ ಓಎಸ್‌ಪಿಎಫ್ ಸಂದೇಶಗಳನ್ನು 15 ಸೆಕೆಂಡು ತಡೆದು ಲಿಂಕ್ ಕಡಿದೆ. r1 ಆ ಹೊತ್ತು ಹಳೆಯ ದಾರಿಯನ್ನೇ ನಂಬಿ ಪ್ಯಾಕೆಟ್ ಕಳಿಸಿತು, ತಪ್ಪೇ. ಆದರೆ r2 ದಾರಿ ಇಲ್ಲವೆಂದು ಅವನ್ನು ನಿಲ್ಲಿಸಿತೇ ಹೊರತು ಹಿಂದಕ್ಕೆ ಕೊಡಲಿಲ್ಲ. r2 ಲಿಂಕ್‌ಗಳ ಬಗ್ಗೆ ಮಾತಾಡುವ ಹಕ್ಕು r2 ಒಬ್ಬರಿಗೇ ಇರುವುದರಿಂದ, r1 ಅಜ್ಞಾನ r1 ಬಳಿಯೇ ಉಳಿಯಿತು. ಎಲ್‌ಎಸ್‌ಎ ತಲುಪಿದ್ದಕ್ಕೆ ಸ್ವೀಕೃತಿ ಬರಬೇಕು, ಬಾರದಿದ್ದರೆ 5 ಸೆಕೆಂಡಿಗೊಮ್ಮೆ ಮತ್ತೆ ಕಳಿಸಲಾಗುತ್ತದೆ. ತಡೆ ತೆಗೆದ ಕೆಲವೇ ಕ್ಷಣಗಳಲ್ಲಿ r1 ಸರಿಹೋಯಿತು. ತ್ರಿಕೋನದಲ್ಲಂತೂ r4 ರೌಟರ್‌ಗೆ ತಡೆಯ ಅರಿವೇ ಆಗಲಿಲ್ಲ, r2 ಹೇಳಿಕೆ r1 ಮೂಲಕ ಯಥಾವತ್ತಾಗಿ ಬಂದು ಮುಟ್ಟಿತ್ತು. ಅರ್ಪಾನೆಟ್ 1979ರಲ್ಲೇ ಡಿಸ್ಟೆನ್ಸ್ ವೆಕ್ಟರ್ ಬಿಟ್ಟು ಲಿಂಕ್ ಸ್ಟೇಟ್ ಕಡೆ ಹೊರಳಿದ್ದು ಏಕೆ ಎಂಬುದು ಇದನ್ನು ನೋಡಿದ ಮೇಲೆ ವಿಚಿತ್ರವೆನಿಸುವುದಿಲ್ಲ.

ಹಾಗೆಂದು ಓಎಸ್‌ಪಿಎಫ್‌ನಲ್ಲಿ ಲೂಪ್ ಆಗುವುದೇ ಇಲ್ಲ ಎಂದಲ್ಲ. ಒಂದು ರೌಟರ್ ಹೊಸ ಲೆಕ್ಕ ಮುಗಿಸಿ ಇನ್ನೊಂದು ಇನ್ನೂ ಮುಗಿಸದಿರುವ ಕ್ಷಣದಲ್ಲಿ ಸಣ್ಣ ಲೂಪ್ ಹುಟ್ಟಬಹುದು. ಆದರೆ ಅದಕ್ಕೆ ಎಣಿಸಿ ಹತ್ತಬೇಕಾದ ಏಣಿ ಇಲ್ಲ, ಲೆಕ್ಕ ಮುಗಿದೊಡನೆ ಅದೂ ಹೋಗುತ್ತದೆ. ಲಿಂಕ್ ಬಿದ್ದದ್ದು ಇಂಟರ್‌ಫೇಸ್‌ಗೆ ತಿಳಿಯದೆ ಪ್ಯಾಕೆಟ್‌ಗಳು ಮಾತ್ರ ಸಾಯುವ ಸಂದರ್ಭದಲ್ಲಿ ಎರಡೂ ಕಾಯಲೇಬೇಕು: ಓಎಸ್‌ಪಿಎಫ್ 10 ಸೆಕೆಂಡಿಗೊಮ್ಮೆ ಬರುವ ಹಲೋ ನಿಂತು 40 ಸೆಕೆಂಡಾಗುವವರೆಗೆ, ರಿಪ್ 180 ಸೆಕೆಂಡಿನವರೆಗೆ.

ಓಎಸ್‌ಪಿಎಫ್ ನನ್ನನ್ನು ಗೋಳಾಡಿಸಿದ್ದು ಬೇರೆ ಕಡೆ. ಬೇರೊಂದು ಪ್ರಯೋಗಕ್ಕೆಂದು r2 ತುದಿಯ ಎಂಟಿಯು 1400 ಮಾಡಿ ಹಾಗೆಯೇ ಬಿಟ್ಟಿದ್ದೆ. ಪಿಂಗ್ ಹೋಗುತ್ತಿತ್ತು, `show ip ospf neighbor` ಪಟ್ಟಿಯಲ್ಲಿ ನೆರೆಯ ರೌಟರ್ ಕಾಣುತ್ತಿತ್ತು, ಆದರೆ ಸ್ಥಿತಿ `Full` ಆಗದೆ `ExStart` ಎಂಬಲ್ಲೇ ನಿಂತಿತ್ತು, ದಾರಿಗಳು ಒಂದೂ ಬರಲಿಲ್ಲ. ಡೇಟಾಬೇಸ್ ವಿನಿಮಯಕ್ಕೆ ಮುಂಚೆ ಓಎಸ್‌ಪಿಎಫ್ ಎಂಟಿಯು ಹೋಲಿಸಿ ನೋಡುತ್ತದೆ, ತನ್ನದಕ್ಕಿಂತ ದೊಡ್ಡದಿದ್ದರೆ ತಿರಸ್ಕರಿಸುತ್ತದೆ. ಅದೇ ತಪ್ಪಿನೊಂದಿಗೆ ರಿಪ್ ದೂರಿಲ್ಲದೆ ಓಡಿತ್ತು. ಈಗ ನನ್ನ ಯಂತ್ರದಲ್ಲಿ ಖಾಯಂ ಆಗಿ ಇರುವುದು ಓಎಸ್‌ಪಿಎಫ್. ರಿಪ್ ಸಂರಚನೆಯನ್ನು, ಆ `iptables` ಸಾಲಿನ ಸಮೇತ, ಯಾರಾದರೂ ಕೇಳಿದಾಗ ತೋರಿಸಲೆಂದು ಬೇರೆ ಕಡತದಲ್ಲಿ ಇಟ್ಟುಕೊಂಡಿದ್ದೇನೆ.